ಬುಕ್‌ಮಾರ್ಕ್ ಏನನ್ನ ನೆನಪಿಟ್ಟುಕೊಳ್ಳತ್ತೆ? ಡ್ಯಾಶ್‌ಬೋರ್ಡ್ ಬದಲಾದ ಮೇಲೂ ನೋಡುಗರ ಫಿಲ್ಟರ್ ಉಳಿಸೋದು ಹೇಗೆ

ಇವತ್ತಿನ ಎಪಿಸೋಡು ಇಬ್ಬರಿಗೆ. ಒಬ್ಬರು ಆಫೀಸಿನಲ್ಲಿ ಡ್ಯಾಶ್‌ಬೋರ್ಡ್ ಮಾಡೋರು. ಇನ್ನೊಬ್ಬರು ಬೆಳಗ್ಗೆ ಬಸ್ಸಲ್ಲಿ ಕೂತು ಅದೇ ಡ್ಯಾಶ್‌ಬೋರ್ಡನ್ನ ಫೋನಲ್ಲಿ ತೆರೆದು, "ನನ್ನ ಏರಿಯಾ ಎಷ್ಟಾಯ್ತು" ಅಂತ ನೋಡೋರು. ಇವರಿಬ್ಬರ ನಡುವೆ ಒಂದು ಸಣ್ಣ ಒಪ್ಪಂದ ಇರತ್ತೆ. ಯಾರೂ ಬರೆದುಕೊಂಡಿರಲ್ಲ, ಆದ್ರೆ ಅದು ಮುರಿದಾಗ ದುಡ್ಡಿನ ಲೆಕ್ಕ ತಪ್ಪತ್ತೆ. ಆ ಒಪ್ಪಂದದ ಹೆಸರೇ ಸೇವ್ ಮಾಡಿದ ಫಿಲ್ಟರ್, ಅಥವಾ ಬುಕ್‌ಮಾರ್ಕ್.

ನಾನು ಪವರ್ ಬಿಐ ಇಟ್ಕೊಂಡು ಮಾತಾಡ್ತೀನಿ. ನಮ್ಮಲ್ಲಿ ಬಿ.ಕಾಂ ಮುಗಿಸಿ ಎಂಐಎಸ್ ಕೆಲಸಕ್ಕೆ ಸೇರಿದೋರಲ್ಲಿ ತುಂಬಾ ಜನರ ಕೈಗೆ ಸಿಗೋದು ಅದೇ. ಬೇರೆ ಟೂಲ್ ಬಳಸೋರೂ ಕೇಳಿ. ಬಟನ್‌ಗಳ ಹೆಸರು ಬೇರೆ ಇರಬಹುದು, ತೊಂದರೆ ಹುಟ್ಟೋ ಜಾಗ ಹೆಚ್ಚುಕಮ್ಮಿ ಒಂದೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸೋಪು, ಬಿಸ್ಕೆಟ್ ಹೋಲ್‌ಸೇಲ್ ಮಾರೋ ಒಂದು ಡಿಸ್ಟ್ರಿಬ್ಯೂಟರ್ ಕಂಪನಿ ಇದೆ ಅಂದ್ಕೊಳ್ಳಿ. ಅಲ್ಲೊಬ್ಬರು ಏರಿಯಾ ಸೇಲ್ಸ್ ಆಫೀಸರ್. ಅವರಿಗೆ ಮೂರು ಜಿಲ್ಲೆ: ಬಳ್ಳಾರಿ, ಕೊಪ್ಪಳ, ರಾಯಚೂರು. ಡ್ಯಾಶ್‌ಬೋರ್ಡಿನ ಜಿಲ್ಲೆಯ ಪಟ್ಟಿಯಲ್ಲಿ, ಅಂದ್ರೆ ಸ್ಲೈಸರ್‌ನಲ್ಲಿ, ಈ ಮೂರಕ್ಕೆ ಟಿಕ್ ಹಾಕಿ "ನನ್ನ ಏರಿಯಾ" ಅಂತ ಬುಕ್‌ಮಾರ್ಕ್ ಮಾಡಿಟ್ಟಿದ್ದಾರೆ. ತಿಂಗಳ ಟಾರ್ಗೆಟ್ 80 ಲಕ್ಷ. ಶನಿವಾರ ನೋಡಿದಾಗ ಬಳ್ಳಾರಿ 42 ಲಕ್ಷ, ಕೊಪ್ಪಳ 18, ರಾಯಚೂರು 25, ಒಟ್ಟು 85 ಲಕ್ಷ. ಟಾರ್ಗೆಟ್ ದಾಟಿದೆ, ಖುಷಿ.

ಸೋಮವಾರ ಬೆಳಗ್ಗೆ ಅದೇ ಬುಕ್‌ಮಾರ್ಕ್ ಒತ್ತಿದ್ರೆ 43 ಲಕ್ಷ.

ಕೆಂಪು ಅಕ್ಷರದ ಎರರ್ ಇಲ್ಲ, ಖಾಲಿ ಪರದೆ ಇಲ್ಲ. ಗ್ರಾಫ್ ಚೆನ್ನಾಗೇ ಬಂದಿದೆ. ಬರೀ ಸಂಖ್ಯೆ ಅರ್ಧ ಆಗಿದೆ. ಅವರ ಇನ್ಸೆಂಟಿವ್, ಡೀಲರ್‌ಗೆ ಕಳಿಸಬೇಕಾದ ಸ್ಟಾಕ್, ಹತ್ತು ಗಂಟೆ ಮೀಟಿಂಗಿನಲ್ಲಿ ಹೇಳಬೇಕಾದ ಉತ್ತರ, ಎಲ್ಲಾ ಈ 43ರ ಮೇಲೆ ನಿಂತಿದೆ.

ಏನಾಯ್ತು? ಭಾನುವಾರ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಯಾರೋ ಜಿಲ್ಲೆಯ ಸ್ಪೆಲ್ಲಿಂಗನ್ನ `Bellary` ಇಂದ `Ballari` ಮಾಡಿದ್ರು. ಅಷ್ಟೇ. ಆ ಬದಲಾವಣೆ ತಪ್ಪೂ ಅಲ್ಲ. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ತಕ್ಕ ಹಾಗೆ ಬದಲಾಗಿದೆ. ಬೆಳಗಾವಿ, ಕಲಬುರಗಿ, ತುಮಕೂರು, ಶಿವಮೊಗ್ಗ, ಬಳ್ಳಾರಿ ಎಲ್ಲಾ ಆ ಪಟ್ಟಿಯಲ್ಲಿವೆ. ಆದ್ರೆ ಹಳೇ ಬಿಲ್ಲಿಂಗ್ ಡೇಟಾದಲ್ಲಿ ಹಳೇ ಸ್ಪೆಲ್ಲಿಂಗ್ ಹಾಗೇ ಉಳಿದಿರತ್ತೆ. ಯಾವತ್ತೋ ಒಂದು ದಿನ ಯಾರೋ ಅದನ್ನ ಸರಿಮಾಡ್ತಾರೆ. ಅವತ್ತೇ ಬುಕ್‌ಮಾರ್ಕ್ ಕೈಕೊಡತ್ತೆ.

ಟ್ಯಾಲಿಯ ಥರ ಅಲ್ಲ

ಕಾಮರ್ಸ್ ಓದಿದೋರಿಗೆ ಒಂದು ಹೋಲಿಕೆ ಹೇಳ್ತೀನಿ. ಟ್ಯಾಲಿಯಲ್ಲಿ ಒಂದು ಲೆಡ್ಜರ್ ಹೆಸರು ಬದಲಾಯಿಸಿದ್ರೆ, ಹಿಂದೆ ಹಾಕಿದ ಎಲ್ಲಾ ವೋಚರ್‌ಗಳಲ್ಲೂ ಹೊಸ ಹೆಸರೇ ಕಾಣತ್ತೆ. ಯಾಕಂದ್ರೆ ವೋಚರ್ ಅಂಟಿಕೊಂಡಿರೋದು ಆ ಲೆಡ್ಜರ್‌ಗೆ, ಅದರ ಸ್ಪೆಲ್ಲಿಂಗಿಗೆ ಅಲ್ಲ. ಎಕ್ಸೆಲ್‌ನ ವಿ-ಲುಕಪ್ ಹಾಗಲ್ಲ. ಹೆಸರಿನ ಮೇಲೆ ಲುಕಪ್ ಹಾಕಿದ್ರೆ, ಅಕ್ಷರ ಹೊಂದಿದ್ರೆ ಮಾತ್ರ ಸಿಗತ್ತೆ, ಇಲ್ಲಾಂದ್ರೆ ಇಲ್ಲ.

ಬುಕ್‌ಮಾರ್ಕ್ ಈ ವಿಷಯದಲ್ಲಿ ವಿ-ಲುಕಪ್ ಜಾತಿ. ಆಫೀಸರ್ ಅವತ್ತು ಟಿಕ್ ಹಾಕಿದಾಗ ಒಳಗೆ ಸೇವ್ ಆಗಿದ್ದನ್ನ ಸರಳ ಮಾಡಿ ಹೇಳಿದ್ರೆ ಇಷ್ಟು:

```
Table:   District
Column:  DistrictName
Values:  'Bellary', 'Koppal', 'Raichur'
```

ಅಂದ್ರೆ ಒಂದು ಟೇಬಲ್ ಹೆಸರು, ಒಂದು ಕಾಲಂ ಹೆಸರು, ಮೂರು ಪದ. "ಬಳ್ಳಾರಿ ಜಿಲ್ಲೆ" ಅನ್ನೋ ಅರ್ಥ ಅದಕ್ಕೆ ಗೊತ್ತಿಲ್ಲ. ಎಂಟಕ್ಷರದ... ಅಲ್ಲ, ಏಳಕ್ಷರದ ಒಂದು ಇಂಗ್ಲಿಷ್ ಪದ ಗೊತ್ತು, ಅಷ್ಟೇ. ಸೋಮವಾರ ಆ ಮೂರು ಪದ ಹುಡುಕಿದಾಗ ಎರಡು ಸಿಕ್ಕವು. ಸಿಕ್ಕಿದ್ದನ್ನ ಕೂಡಿಸಿ 43 ಅಂತ ತೋರಿಸ್ತು. ಅದರ ಪ್ರಕಾರ ಕೆಲಸ ಸರಿಯಾಗೇ ಆಗಿದೆ.

ಗಮನಿಸಿ, ಒಂದೇ ಜಿಲ್ಲೆ ಸೇವ್ ಮಾಡಿದ್ದೋರು ಬಚಾವ್. ಬರೀ `Bellary` ಇಟ್ಕೊಂಡಿದ್ದೋರಿಗೆ ಪರದೆ ಖಾಲಿ ಬಂದಿರತ್ತೆ, ಅವರು ಕೂಡಲೇ ಫೋನ್ ಮಾಡ್ತಾರೆ. ಮೂರರಲ್ಲಿ ಒಂದು ಕಳಕೊಂಡೋರಿಗೇ ನಿಜವಾದ ಪೆಟ್ಟು. ಅವರಿಗೆ ಅನುಮಾನವೇ ಬರಲ್ಲ.

ಹಾಗಾಗಿ ಇವತ್ತಿನ ಇಡೀ ಮಾತು ಇದೊಂದರ ಸುತ್ತ: ಬುಕ್‌ಮಾರ್ಕ್ ಪದಗಳನ್ನ ನೆನಪಿಟ್ಟುಕೊಳ್ಳತ್ತೆ. ಆ ಪದಗಳು ಬೇರೆಯವರ ಕೈಯಲ್ಲಿ ಇರಬಾರದು, ಡ್ಯಾಶ್‌ಬೋರ್ಡ್ ಮಾಡೋರ ಕೈಯಲ್ಲಿರಬೇಕು.

ಮೊದಲು ವಿಳಾಸ, ಆಮೇಲೆ ಕಾಲಂ

ಸ್ಪೆಲ್ಲಿಂಗಿಗೆ ಬರೋ ಮುಂಚೆ, ಅದಕ್ಕಿಂತ ಹೊರಗಿನ ಎರಡು ಪದರ ನೋಡಿಬಿಡೋಣ. ಇಲ್ಲಿ ರಿಫ್ರೆಶ್ ಮತ್ತು ರಿಪಬ್ಲಿಶ್ ಬೇರೆ ಬೇರೆ ಅನ್ನೋದು ನೆನಪಿರಲಿ. ರಿಫ್ರೆಶ್ ಅಂದ್ರೆ ಹೊಸ ಸಾಲುಗಳು ಬರೋದು. ಬೆಳಗ್ಗೆ ಆರಕ್ಕೆ ಅಂತ ಟೈಮ್ ಹಾಕಿಟ್ಟರೆ ಯಾರೂ ಮುಟ್ಟದೇ ನಡೆಯತ್ತೆ. ರಿಪಬ್ಲಿಶ್ ಅಂದ್ರೆ ನೀವು ಕಂಪ್ಯೂಟರಿನಲ್ಲಿ ಫೈಲ್ ತಿದ್ದಿ ಮತ್ತೆ ಮೇಲೆ ಕಳಿಸೋದು. ಮೊದಲನೆಯದು ಮೌಲ್ಯಗಳನ್ನ ಬದಲಾಯಿಸಬಹುದು. ಎರಡನೆಯದು ಹೆಸರುಗಳನ್ನೂ ವಿಳಾಸವನ್ನೂ ಬದಲಾಯಿಸಬಹುದು.

ವಿಳಾಸ ಅಂದ್ರೆ ರಿಪೋರ್ಟಿನ ಐಡಿ. ಲಿಂಕಿನಲ್ಲಿ ಉದ್ದಕ್ಕೆ ಕಾಣೋ ಅಂಕಿ-ಅಕ್ಷರಗಳ ಸಾಲು ಅದೇ. ಅದೇ ವರ್ಕ್‌ಸ್ಪೇಸಿಗೆ ಅದೇ ಹೆಸರಿನ ಫೈಲ್ ಪಬ್ಲಿಶ್ ಮಾಡಿದ್ರೆ "ಈಗಾಗಲೇ ಇದೆ, ಬದಲಾಯಿಸಲಾ" ಅಂತ ಕೇಳತ್ತೆ. `Replace` ಒತ್ತಿದ್ರೆ ಐಡಿ ಹಾಗೇ ಉಳಿಯತ್ತೆ, ಲಿಂಕ್ ಉಳಿಯತ್ತೆ, ಬುಕ್‌ಮಾರ್ಕ್‌ಗಳಿಗೆ ಮನೆ ಉಳಿಯತ್ತೆ. ಅದೇ ಫೈಲನ್ನ `Sales_v2` ಅಂತ ಹೆಸರಿಟ್ಟು ಕಳಿಸಿದ್ರೆ ಅದು ಹೊಸ ರಿಪೋರ್ಟು. ಬುಕ್‌ಮಾರ್ಕ್‌ಗಳು ಹಳೇದರಲ್ಲೇ ಕೂತಿರ್ತವೆ. ಹಳೇದನ್ನ ಡಿಲೀಟ್ ಮಾಡಿ ಹೊಸದಾಗಿ ಹಾಕಿದ್ರಂತೂ ಅವು ಹೋದ ಹಾಗೇ. ಆವೃತ್ತಿ ಸಂಖ್ಯೆ ಬೇಕಾದ್ರೆ ನಿಮ್ಮ ಫೋಲ್ಡರಿನ ಹೆಸರಿಗೆ ಹಾಕಿ, ಫೈಲಿನ ಹೆಸರಿಗೆ ಬೇಡ.

ಇದೇ ನಿಯಮ ಪೇಜಿಗೂ ಸ್ಲೈಸರ್‌ಗೂ ಅನ್ವಯ ಆಗತ್ತೆ. ಪ್ರತಿ ಪೇಜಿಗೆ, ಪ್ರತಿ ಸ್ಲೈಸರ್‌ಗೆ ಒಳಗೊಂದು ಗುಟ್ಟಿನ ಹೆಸರಿರತ್ತೆ. ಪೇಜಿನ ಮೇಲೆ ಕಾಣೋ ಹೆಸರು ಬದಲಾಯಿಸಿದ್ರೆ ಏನೂ ಆಗಲ್ಲ, ಒಳಗಿನ ಹೆಸರು ಅದೇ ಇರತ್ತೆ. ಆದ್ರೆ ಪೇಜನ್ನ ಕಾಪಿ ಮಾಡಿ, ಚೆಂದ ಮಾಡಿ, ಮೂಲದ್ದನ್ನ ಅಳಿಸಿದ್ರೆ ಒಳಗಿನ ಹೆಸರು ಹೊಸದಾಗತ್ತೆ. ನೋಡೋಕೆ ಅದೇ ಪೇಜು, ಬುಕ್‌ಮಾರ್ಕಿಗೆ ಅದು ಗುರುತಿಲ್ಲದ ಮನೆ. ಸ್ಲೈಸರ್ ಅಳಿಸಿ ಅದೇ ಜಾಗದಲ್ಲಿ ಇನ್ನೊಂದು ಇಟ್ಟರೂ ಹಾಗೇ. ಆದ್ದರಿಂದ ಇದ್ದ ಜಾಗದಲ್ಲೇ ತಿದ್ದಿ, ಕಿತ್ತು ಹೊಸದು ಇಡಬೇಡಿ.

ಇನ್ನು ಕಾಲಂ. ಮ್ಯಾನೇಜರ್ ಬಂದು "`DistrictName` ಅಂತ ಯಾಕಿದೆ, ಜಿಲ್ಲೆ ಅಂತ ಕನ್ನಡದಲ್ಲಿ ಇರಲಿ" ಅಂತಾರೆ. ನೀವು ಡೆಸ್ಕ್‌ಟಾಪಿನಲ್ಲಿ ಕಾಲಂ ಹೆಸರನ್ನೇ ಬದಲಾಯಿಸ್ತೀರಿ. ನಿಮ್ಮ ಫೈಲ್ ಒಳಗಿನ ಚಾರ್ಟು, ಫಾರ್ಮುಲಾ ಎಲ್ಲಾ ತಾವಾಗೇ ಸರಿಹೋಗ್ತವೆ. ಅದನ್ನ ನೋಡಿ ಎಲ್ಲಾ ಸರಿಯಾಯ್ತು ಅನ್ಸತ್ತೆ. ಆದ್ರೆ ನೋಡುಗರ ಸ್ವಂತ ಬುಕ್‌ಮಾರ್ಕ್ ನಿಮ್ಮ ಫೈಲ್ ಒಳಗಿಲ್ಲ. ಅದು ಆನ್‌ಲೈನಿನಲ್ಲಿ ಅವರವರ ಅಕೌಂಟಿನ ಜೊತೆ ಇದೆ. ನಿಮ್ಮ ತಿದ್ದುಪಡಿ ಅಲ್ಲಿಗೆ ತಲುಪಲ್ಲ. ಅದು ಇನ್ನೂ `DistrictName` ಅಂತಲೇ ಹುಡುಕ್ತಾ ಇರತ್ತೆ.

ಇದಕ್ಕೆ ದಾರಿ ಸುಲಭ. ಮಾಡೆಲ್‌ನಲ್ಲಿ ಕಾಲಂ ಹೆಸರು ಮುಟ್ಟಬೇಡಿ. ಚಾರ್ಟಿನ ಫೀಲ್ಡ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ `Rename for this visual` ಅಂತ ಇದೆ. ಸ್ಲೈಸರ್ ತಲೆಬರಹವನ್ನೂ ಬೇರೆಯಾಗಿ ಬರೆಯಬಹುದು. ಪರದೆ ಮೇಲೆ "ಜಿಲ್ಲೆ" ಅಂತ ಕಾಣಲಿ, ಒಳಗೆ `DistrictName` ಇರಲಿ. ಮ್ಯಾನೇಜರ್‌ಗೂ ಖುಷಿ, ಬುಕ್‌ಮಾರ್ಕಿಗೂ ಖುಷಿ.

ಸ್ಪೆಲ್ಲಿಂಗ್ ಯಾರ ಕೈಯಲ್ಲಿರಬೇಕು

ಈಗ ಆ 42 ಲಕ್ಷದ ಕಥೆಗೆ ಬರೋಣ. ಬಿಲ್ಲಿಂಗ್ ಸಾಫ್ಟ್‌ವೇರಿನೋರು ಸ್ಪೆಲ್ಲಿಂಗ್ ಬದಲಾಯಿಸೋದನ್ನ ನೀವು ತಡೆಯೋಕೆ ಆಗಲ್ಲ. ಅವರು ಹೇಳಿಯೂ ಮಾಡಲ್ಲ. ಮಾಡಬೇಕಾದ್ದು ಏನಂದ್ರೆ, ಅವರು ಕಳಿಸೋ ಹೆಸರು ನೇರವಾಗಿ ಸ್ಲೈಸರಿಗೆ ಹೋಗದ ಹಾಗೆ ಮಧ್ಯೆ ಒಂದು ಪಟ್ಟಿ ಇಡೋದು. ಒಂದು ಸಣ್ಣ ಎಕ್ಸೆಲ್ ಶೀಟ್ ಸಾಕು:

```
SourceName   DistCode   DistrictName   Zone
BELLARY      565        Bellary        Z3
BALLARI      565        Bellary        Z3
KOPPAL       560        Koppal         Z3
RAICHUR      559        Raichur        Z3
```

ಮೊದಲ ಕಾಲಂ, ಮೂಲದಿಂದ ಯಾವ್ಯಾವ ರೂಪದಲ್ಲಿ ಹೆಸರು ಬರಬಹುದೋ ಅದು. ಎರಡನೆಯದು ಜಿಲ್ಲೆಯ ಕೋಡ್. ಇಲ್ಲಿ ನಾನು ಹಾಕಿರೋದು 2011ರ ಜನಗಣತಿಯ ಕೋಡ್. ಕರ್ನಾಟಕದ ಆಗಿನ 30 ಜಿಲ್ಲೆಗಳಿಗೆ ಬೆಳಗಾವಿಯ 555ರಿಂದ ಶುರುವಾಗಿ ರಾಮನಗರದ 584ರ ತನಕ ಸಂಖ್ಯೆ ಇದೆ. ಮೂರನೆಯದು ನೋಡುಗರಿಗೆ ಕಾಣೋ ಹೆಸರು. ನೋಡಿ, `BELLARY` ಬಂದ್ರೂ `BALLARI` ಬಂದ್ರೂ ಎರಡೂ 565ಕ್ಕೆ ಹೋಗಿ, ಹೊರಗೆ `Bellary` ಅಂತಲೇ ಬರತ್ತೆ. ಭಾನುವಾರ ಯಾರು ಏನೇ ತಿದ್ದಲಿ, ಸೋಮವಾರ ಆಫೀಸರ್‌ಗೆ 85 ಲಕ್ಷವೇ ಕಾಣತ್ತೆ.

ಈ ಪಟ್ಟಿಯನ್ನ ಪವರ್ ಕ್ವೆರಿಯಲ್ಲಿ ಸೇಲ್ಸ್ ಡೇಟಾ ಜೊತೆ `Merge` ಮಾಡ್ತೀರಿ, `Left Outer` ಅಂತ. ಇಲ್ಲಿ ಎರಡು ಗುಂಡಿ ಇವೆ, ಬೀಳಬೇಡಿ.

ಒಂದು, ಪವರ್ ಕ್ವೆರಿಗೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. `Bellary` ಮತ್ತು `BELLARY` ಅದಕ್ಕೆ ಎರಡು ಪದ. ಕೊನೆಯಲ್ಲಿ ಒಂದು ಸ್ಪೇಸ್ ಇದ್ದರೂ ಹೊಂದಲ್ಲ. ಅದಕ್ಕೇ ಮರ್ಜ್ ಮಾಡೋ ಮುಂಚೆ ಸೇಲ್ಸ್ ಕಡೆಯ ಹೆಸರಿಗೆ `Trim` ಮತ್ತು `UPPERCASE` ಹಾಕಿ, ಪಟ್ಟಿಯಲ್ಲೂ ದೊಡ್ಡಕ್ಷರದಲ್ಲೇ ಬರೆಯಿರಿ.

ಎರಡು, `SourceName` ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬರಬಾರದು. ಬಂದ್ರೆ ಆ ಜಿಲ್ಲೆಯ ಪ್ರತಿ ಬಿಲ್ಲೂ ಎರಡಾಗತ್ತೆ, 42 ಲಕ್ಷ 84 ಲಕ್ಷ ಆಗತ್ತೆ. ಕಮ್ಮಿ ಬಂದಾಗ ಜನ ಕೇಳ್ತಾರೆ, ಜಾಸ್ತಿ ಬಂದಾಗ ಯಾರೂ ಕೇಳಲ್ಲ. ಅದಕ್ಕೇ ಇದು ಇನ್ನೂ ಅಪಾಯ.

ಪಟ್ಟಿಯಲ್ಲೇ ಇಲ್ಲದ ಹೆಸರು ಬಂದ್ರೆ? ಆಗ ಕೋಡ್, ಕಾಣೋ ಹೆಸರು ಎರಡೂ ಖಾಲಿ ಬರತ್ತೆ. ಆ ಖಾಲಿ ಹೆಸರನ್ನ `Unmapped` ಅಂತ ಮಾಡಿ, ಅದರ ಮೊತ್ತವನ್ನ ನಿಮಗೆ ಮಾತ್ರ ಕಾಣೋ ಒಂದು ಪೇಜಿನಲ್ಲಿ ಇಡಿ. ಅಲ್ಲಿ ಸೊನ್ನೆ ಇರಬೇಕು. ಸೊನ್ನೆ ಅಲ್ಲದ ದಿನ ಹೊಸ ಸ್ಪೆಲ್ಲಿಂಗ್ ಬಂದಿದೆ ಅಂತ ಅರ್ಥ. ಆ 12 ಊರುಗಳ ಹಳೇ-ಹೊಸ ಎರಡೂ ಹೆಸರನ್ನ ಮೊದಲೇ ಪಟ್ಟಿಗೆ ಹಾಕಿಟ್ಟರೆ ಇಂಥ ದಿನ ಕಮ್ಮಿ ಬರ್ತವೆ.

ಕೋಡ್ ಇನ್ನೊಂದು ಕಡೆ ಉಪಯೋಗಕ್ಕೆ ಬರತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ಫಿಲ್ಟರ್ ಸಮೇತ ಲಿಂಕ್ ಕಳಿಸ್ತೀವಲ್ಲ, ಅಲ್ಲಿ. ಲಿಂಕಿನ ಕೊನೆಗೆ ಹೆಸರಿನ ಬದಲು ಕೋಡ್ ಹಾಕಿ:

```
?filter=District/DistCode eq 565
```

ಈ `DistCode` ಕಾಲಂ ನೋಡುಗರಿಗೆ ಕಾಣದ ಹಾಗೆ ಅಡಗಿಸಿಟ್ಟಿದ್ರೂ ಲಿಂಕ್ ಕೆಲಸ ಮಾಡತ್ತೆ. ಟೇಬಲ್ ಮತ್ತು ಕಾಲಂ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರ ಮಾತ್ರ ಸರಿಯಾಗಿರಬೇಕು. ನಾಳೆ ಕಾಣೋ ಹೆಸರನ್ನ ನೀವೇ `Ballari` ಮಾಡಿದ್ರೂ ಈ ಲಿಂಕಿಗೆ ಏನೂ ಆಗಲ್ಲ.

ಕಾಣೋ ಹೆಸರು ಬದಲಾಯಿಸಲೇಬೇಕು ಅಂತ ಬಂದಾಗ, ಮತ್ತೆ ಅದು ನ್ಯಾಯವೂ ಹೌದು, ಆಗ ಸ್ವಂತ ಬುಕ್‌ಮಾರ್ಕ್‌ಗಳು ಮುರಿಯೋದು ಖಂಡಿತ. ಆದ್ರೆ ಈಗ ಅದು ನೀವು ಆರಿಸಿದ ದಿನ ಮುರಿಯತ್ತೆ. ತಿಂಗಳ ಲೆಕ್ಕ ಮುಗಿದ ಮೇಲಿನ ದಿನ ಮಾಡಿ. ಆ ಪಬ್ಲಿಶ್‌ನಲ್ಲಿ ಬೇರೆ ಯಾವ ಬದಲಾವಣೆಯೂ ಬೇಡ. ಪೇಜಿನ ತಲೆಯ ಮೇಲೆ "`Bellary` ಈಗ `Ballari`, ನಿಮ್ಮ ಬುಕ್‌ಮಾರ್ಕ್ ಮತ್ತೆ ಸೇವ್ ಮಾಡಿ" ಅಂತ ಒಂದು ವಾರ ಬರೆದಿಡಿ.

ಜಿಲ್ಲೆಯೇ ಎರಡಾದಾಗ

ಸ್ಪೆಲ್ಲಿಂಗ್ ಬದಲಾದ್ರೆ ಪಟ್ಟಿ ಕಾಪಾಡತ್ತೆ. ಅರ್ಥವೇ ಬದಲಾದ್ರೆ? ಇದೂ ಬಳ್ಳಾರಿಯಲ್ಲೇ ಆಗಿದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆ ಆಯ್ತು, ರಾಜ್ಯದ 31ನೇ ಜಿಲ್ಲೆಯಾಗಿ. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ, ಈ ಆರು ತಾಲ್ಲೂಕು ಆ ಕಡೆ ಹೋದವು.

ನಮ್ಮ ಆಫೀಸರ್ ಹೊಸಪೇಟೆಯ ಡೀಲರ್‌ಗಳನ್ನ ಈಗಲೂ ನೋಡ್ಕೊಳ್ತಾರೆ ಅಂದ್ಕೊಳ್ಳಿ. ಬುಕ್‌ಮಾರ್ಕಿನಲ್ಲಿ `Bellary` ಪದ ಇದೆ, ಡೇಟಾದಲ್ಲೂ ಇದೆ, ಹೊಂದಿಕೆ ಪಕ್ಕಾ. ಆದ್ರೂ ಹೊಸಪೇಟೆಯ ಸೇಲ್ಸ್ ಕಾಣಲ್ಲ. ಅದು ಈಗ `Vijayanagara` ಅನ್ನೋ ಪದದ ಕೆಳಗಿದೆ, ಆ ಪದಕ್ಕೆ ಅವರು ಟಿಕ್ ಹಾಕೇ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಸ್ಲೈಸರಿನಲ್ಲಿ ಒಂದೊಂದಾಗಿ ಟಿಕ್ ಹಾಕಿದ್ರೆ "ಇವು ಮಾತ್ರ" ಅಂತ ಸೇವ್ ಆಗತ್ತೆ. `Select all` ಒತ್ತಿ ಬೇಡದ್ದನ್ನ ತೆಗೆದ್ರೆ "ಇವು ಬಿಟ್ಟು ಎಲ್ಲಾ" ಅಂತ ಸೇವ್ ಆಗತ್ತೆ. ಎರಡನೇ ಥರ ಮಾಡಿದೋರಿಗೆ ಹೊಸ ಜಿಲ್ಲೆ ತಾನಾಗೇ ಒಳಗೆ ಬರತ್ತೆ, ಮೊದಲನೇ ಥರ ಮಾಡಿದೋರಿಗೆ ಬರಲ್ಲ. ಪಕ್ಕ ಪಕ್ಕ ಕೂತ ಇಬ್ಬರಿಗೆ ಅದೇ ಡ್ಯಾಶ್‌ಬೋರ್ಡಿನಲ್ಲಿ ಬೇರೆ ಬೇರೆ ಮೊತ್ತ ಬರೋಕೆ ಇದೂ ಒಂದು ಕಾರಣ.

ಇದಕ್ಕೆ ಮದ್ದು ಪಟ್ಟಿಯ ಕೊನೇ ಕಾಲಂ, `Zone`. "ನನ್ನ ಏರಿಯಾ" ಅನ್ನೋ ಗುಂಪು ಪ್ರತಿಯೊಬ್ಬರ ಬುಕ್‌ಮಾರ್ಕಿನಲ್ಲಿ ಇರೋ ಬದಲು ಡೇಟಾದಲ್ಲೇ ಇರಲಿ. ಆಫೀಸರ್ ಮೂರು ಜಿಲ್ಲೆಗೆ ಟಿಕ್ ಹಾಕೋ ಬದಲು `Z3` ಒಂದಕ್ಕೆ ಹಾಕ್ತಾರೆ. ವಿಜಯನಗರ ಬಂದ ದಿನ ನೀವು ಪಟ್ಟಿಗೆ ಒಂದು ಸಾಲು ಸೇರಿಸ್ತೀರಿ. ಅದು 2011ರ ಕೋಡ್ ಪಟ್ಟಿಯಲ್ಲಿ ಇರಲ್ಲ, ಹಾಗಾಗಿ ಬೇರೆ ಯಾವುದಕ್ಕೂ ಬಳಸದ ಒಂದು ಸಂಖ್ಯೆ ಕೊಡಿ, ಮುಂದೆ `Z3` ಅಂತ ಬರೆಯಿರಿ. ಯಾರ ಬುಕ್‌ಮಾರ್ಕನ್ನೂ ಮುಟ್ಟದೇ ಎಲ್ಲರ "ನನ್ನ ಏರಿಯಾ" ಸರಿಹೋಯ್ತು.

ಹೆಸರಿಡುವಾಗ ಮಾತ್ರ ಆಸೆಪಡಬೇಡಿ. `Z3` ನೀರಸ ಅನ್ಸತ್ತೆ ನಿಜ. ಆದ್ರೆ ಯಾರಾದ್ರೂ ಆ ವಲಯಕ್ಕೆ `Hyderabad Karnataka` ಅಂತ ಹೆಸರಿಟ್ಟಿದ್ರೆ, 2019ರಲ್ಲಿ ಅದು ಕಲ್ಯಾಣ ಕರ್ನಾಟಕ ಆದಾಗ ಮತ್ತೆ ಅದೇ ಪಾಡು. ರಾಮನಗರ ಜಿಲ್ಲೆಗೂ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು. ನೀರಸ ಹೆಸರನ್ನ ಯಾರೂ ಬದಲಾಯಿಸೋಕೆ ಹೋಗಲ್ಲ, ಅದೇ ಅದರ ಗುಣ.

ಒಂದು ಮಿತಿ ಹೇಳಿಬಿಡ್ತೀನಿ. ಹೋದ ವರ್ಷದ ಜೊತೆ ಹೋಲಿಕೆ ಮಾಡೋ ಪೇಜಿದ್ರೆ, ಜಿಲ್ಲೆ ಮಟ್ಟದಲ್ಲಿ ಬಳ್ಳಾರಿ ದಿಢೀರ್ ಕುಸಿದ ಹಾಗೆ ಕಾಣತ್ತೆ. ನಿಮ್ಮ ಬಿಲ್ಲಿನಲ್ಲಿ ತಾಲ್ಲೂಕು ಇದ್ರೆ ಹಳೇ ಸಾಲುಗಳನ್ನೂ ಹೊಸ ಜಿಲ್ಲೆಗೆ ಹಾಕಬಹುದು. ಇಲ್ಲದಿದ್ರೆ ಆ ಹೋಲಿಕೆಯನ್ನ ವಲಯದ ಮಟ್ಟದಲ್ಲಿ ಮಾತ್ರ ತೋರಿಸಿ.

ಜೂನ್‌ನಲ್ಲೇ ನಿಂತ ಬುಕ್‌ಮಾರ್ಕ್

ಇದಕ್ಕೆ ಉಲ್ಟಾ ಇನ್ನೊಂದಿದೆ. ಪದ ಹೊಂದತ್ತೆ, ಡೇಟಾ ಇದೆ, ಮೊತ್ತವೂ ಸರಿ. ಆದ್ರೆ ಅದು ಜೂನ್ ತಿಂಗಳದ್ದು, ಈಗ ಆಗಸ್ಟ್. ತಿಂಗಳ ಸ್ಲೈಸರಿನಲ್ಲಿ `2025-06` ಟಿಕ್ ಹಾಕಿ ಬುಕ್‌ಮಾರ್ಕ್ ಮಾಡಿದ್ರೆ ಎಷ್ಟು ಸಲ ರಿಫ್ರೆಶ್ ಆದರೂ ಅದು ಜೂನೇ.

ಇಲ್ಲಿ ಬುಕ್‌ಮಾರ್ಕಿನ ಅದೇ ಹಠವನ್ನ ನಮ್ಮ ಅನುಕೂಲಕ್ಕೆ ತಿರುಗಿಸಬಹುದು. ತಾರೀಖಿನ ಟೇಬಲ್‌ನಲ್ಲಿ ಇನ್ನೊಂದು ಕಾಲಂ ಮಾಡಿ. ಪ್ರತಿ ರಿಫ್ರೆಶ್‌ನಲ್ಲಿ ಆಗ ನಡೀತಿರೋ ತಿಂಗಳಿಗೆ "ಈ ತಿಂಗಳು", ಹಿಂದಿನದಕ್ಕೆ "ಹೋದ ತಿಂಗಳು" ಅಂತ ಬೀಳಲಿ. ನೋಡುಗರು "ಈ ತಿಂಗಳು" ಅಂತ ಸೇವ್ ಮಾಡ್ತಾರೆ. ಪದ ಅದೇ ಇರತ್ತೆ, ಅದರ ಕೆಳಗಿನ ಸಾಲುಗಳು ಮುಂದಕ್ಕೆ ಸರೀತವೆ.

ಪವರ್ ಬಿಐನಲ್ಲೇ ಇರೋ "ಕಳೆದ ಇಷ್ಟು ದಿನ" ಅನ್ನೋ ರಿಲೇಟಿವ್ ಡೇಟ್ ಸ್ಲೈಸರನ್ನೂ ಬಳಸಬಹುದು. ಆದ್ರೆ ಅದು ದಿನ ಎಣಿಸೋದು ಯುಟಿಸಿ ಪ್ರಕಾರ. ನಮಗೆ ತಾರೀಖು ಬದಲಾದ ಮೇಲೂ ಬೆಳಗಿನ 5:30ರ ತನಕ ಅದಕ್ಕೆ ನಿನ್ನೆಯೇ. ಒಂದನೇ ತಾರೀಖು ಬೆಳಗ್ಗೆ ಐದಕ್ಕೆ ಎದ್ದು ನೋಡೋರಿಗೆ ಗೊಂದಲ ಆಗತ್ತೆ.

ಮುರಿದಿದೆ ಅಂತ ಗೊತ್ತಾಗೋದು ಹೇಗೆ

ನೋಡುಗರ ಸ್ವಂತ ಬುಕ್‌ಮಾರ್ಕ್ ಅವರಿಗೆ ಮಾತ್ರ ಕಾಣತ್ತೆ, ಡ್ಯಾಶ್‌ಬೋರ್ಡ್ ಮಾಡಿದೋರಿಗೂ ಕಾಣಲ್ಲ. ಯಾರ್ಯಾರದ್ದು ಮುರೀತು ಅಂತ ಪಟ್ಟಿ ತೆಗೆಯೋಕೆ ಆಗಲ್ಲ. ಹಾಗಾಗಿ ಎರಡು ಕೆಲಸ ಮಾಡಿ.

ಮೊದಲನೆಯದು ಪಬ್ಲಿಶ್‌ಗೆ ಮುಂಚೆ. ಸ್ಲೈಸರಿಗೆ ಹೋಗೋ ಹೆಸರುಗಳ ಪಟ್ಟಿಯನ್ನ, ಈಗ ಮೇಲಿರೋ ಆವೃತ್ತಿಯದ್ದನ್ನ ಎಕ್ಸೆಲ್‌ನ `A` ಕಾಲಂನಲ್ಲಿ, ನೀವು ಕಳಿಸಬೇಕಿರೋದನ್ನ `B` ಕಾಲಂನಲ್ಲಿ ಅಂಟಿಸಿ. `C` ಕಾಲಂನಲ್ಲಿ ಇಷ್ಟು:

```
=COUNTIF(B:B,A2)
```

ಎಲ್ಲಿ 0 ಬರತ್ತೋ ಆ ಪದ ಕಾಣೆಯಾಗಿದೆ. ಅದನ್ನ ನಂಬಿಕೊಂಡಿರೋ ಪ್ರತಿ ಬುಕ್‌ಮಾರ್ಕೂ ಮುರಿಯತ್ತೆ. ಎರಡು ನಿಮಿಷದ ಕೆಲಸ. ಇದರ ಜೊತೆಗೆ ಬರೀ ನೋಡುವ ಅನುಮತಿ ಇರೋ ಒಂದು ಅಕೌಂಟಿನಲ್ಲಿ ನಾಲ್ಕು ಬುಕ್‌ಮಾರ್ಕ್ ಮಾಡಿಡಿ: ಒಂದೇ ಜಿಲ್ಲೆ, ಮೂರು ಜಿಲ್ಲೆ, ಒಂದನ್ನ ಬಿಟ್ಟು ಎಲ್ಲಾ, ಮತ್ತೆ ಈ ತಿಂಗಳು. ಪಬ್ಲಿಶ್‌ಗೆ ಮುಂಚೆ ನಾಲ್ಕರ ಮೊತ್ತ ಬರೆದಿಟ್ಕೊಂಡು, ಆದ ಮೇಲೆ ಮತ್ತೆ ನೋಡಿ. ಅದೇ ಡೇಟಾಗೆ ಬೇರೆ ಮೊತ್ತ ಬಂದ್ರೆ ನಿಮಗೆ ಮೊದಲು ಗೊತ್ತಾಗತ್ತೆ, ಆಫೀಸರ್‌ಗೆ ಅಲ್ಲ.

ಎರಡನೆಯದು ಪೇಜಿನ ಮೇಲೆ. ಮೊತ್ತದ ಪಕ್ಕ ಒಂದು ಸಣ್ಣ ಕಾರ್ಡ್ ಇಟ್ಟು, ಈ ಮೆಷರ್ ಹಾಕಿ:

```
Showing =
CONCATENATEX(
    VALUES(District[DistrictName]),
    District[DistrictName], ", ")
```

ಇದು ಡೇಟಾದಲ್ಲಿ ನಿಜವಾಗ್ಲೂ ಸಿಕ್ಕಿದ ಹೆಸರುಗಳನ್ನ ಮಾತ್ರ ಬರೆಯತ್ತೆ. ಸೋಮವಾರ 43 ಲಕ್ಷದ ಪಕ್ಕ `Koppal, Raichur` ಅಂತ ಬಂದಿದ್ರೆ, ಮೂರು ಜಿಲ್ಲೆ ನೋಡೋ ಯಾರಿಗಾದ್ರೂ ಒಂದು ಕಮ್ಮಿ ಇದೆ ಅಂತ ಮೂರು ಸೆಕೆಂಡಿನಲ್ಲಿ ಗೊತ್ತಾಗ್ತಿತ್ತು. ಮೌನವಾಗಿ ಆಗ್ತಿದ್ದ ತಪ್ಪಿಗೆ ಬಾಯಿ ಬಂದ ಹಾಗೆ.

ಕೊನೆಗೆ, ಬರೀ ನೋಡೋರಿಗೆ ಒಂದು ಮಾತು. ಸಂಖ್ಯೆ ವಿಚಿತ್ರ ಅನ್ಸಿದ್ರೆ ಟೀಮನ್ನ ಬೈಯೋ ಮುಂಚೆ ಸ್ಲೈಸರ್ ತೆರೆದು ನೋಡಿ. ಡೇಟಾದಲ್ಲಿ ಇಲ್ಲದ ಹಳೇ ಹೆಸರು ಟಿಕ್ ಸಮೇತ ಇನ್ನೂ ಅಲ್ಲೇ ಕೂತಿರಬಹುದು, ಅದರ ಹತ್ತಿರದಲ್ಲೇ ಹೊಸ ಹೆಸರು ಟಿಕ್ ಇಲ್ಲದೇ ಇರಬಹುದು. ಹಳೇದನ್ನ ತೆಗೆದು, ಹೊಸದಕ್ಕೆ ಟಿಕ್ ಹಾಕಿ, ಬುಕ್‌ಮಾರ್ಕ್ ಮತ್ತೆ ಸೇವ್ ಮಾಡಿ. ಆಮೇಲೆ ಡ್ಯಾಶ್‌ಬೋರ್ಡ್ ಮಾಡಿದೋರಿಗೆ ಒಂದು ಮೆಸೇಜ್ ಹಾಕಿ, "ಬಳ್ಳಾರಿ ಹೆಸರು ಬದಲಾಗಿದೆ" ಅಂತ. ನಿಮ್ಮ ಥರ ಇನ್ನೂ ಎಷ್ಟು ಜನರ ಪರದೆಯಲ್ಲಿ ಅರ್ಧ ಮೊತ್ತ ಓಡ್ತಿದೆಯೋ, ಅದು ಅವರಿಗೆ ಕಾಣಲ್ಲ.